ಎರಡು ಕೂಸು, ಒಂದೇ ಪಿಎನ್ಆರ್

ಕಾಫಿ ಕೊಯ್ಲು ಮುಗಿದ ಮೇಲೆ ನಾವು, ತಂಗಿಯ ಮನೆಯವರು ಒಟ್ಟಿಗೆ ದಿಲ್ಲಿಗೆ ಹೊರಟೆವು. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ ಹತ್ತಿರವೇ. ಆದರೆ ವಿಮಾನಗಳು ಹೆಚ್ಚೆಂದು ಬೆಂಗಳೂರಿನಿಂದಲೇ ಬುಕ್ ಮಾಡಿದೆ. ದೊಡ್ಡವರು ನಾಲ್ವರು, 5 ವರ್ಷದ ನನ್ನ ಮಗಳು, ಇನ್ನೇನು 2 ತುಂಬಲಿರುವ ಮಗ, ತಂಗಿಯ 8 ತಿಂಗಳ ಕೂಸು.

ಮಗನದ್ದೇ ಮೊದಲ ಲೆಕ್ಕ. ಪ್ರಯಾಣದ ದಿನಕ್ಕೆ 2 ವರ್ಷ ತುಂಬಿರದಿದ್ದರೆ ಮಾತ್ರ ಇನ್‌ಫೆಂಟ್, ಮಡಿಲಲ್ಲಿ ಕೂರಿಸಬಹುದು. ನಾವು ಹೋಗುವುದು ಮಾರ್ಚ್ 10, ಅವನ ಹುಟ್ಟುಹಬ್ಬ 14, ವಾಪಸ್ 17. ಹಾಗಾಗಿ ಹೋಗುವ ಟಿಕೆಟ್ ಒಂದು, ಬರುವ ಟಿಕೆಟ್ ಇನ್ನೊಂದು ಎಂದು ಬೇರೆ ಬೇರೆ ತೆಗೆದೆ: ಹೋಗುವಾಗ ಇನ್‌ಫೆಂಟ್, ಬರುವಾಗ ಸ್ವಂತ ಸೀಟಿನ ಮಗು. ವಯಸ್ಸಿಗೆ ಜನನ ಪ್ರಮಾಣಪತ್ರ ಕೈಚೀಲದಲ್ಲೇ ಇರಲಿ, ಕೌಂಟರಿನಲ್ಲಿ ಕೇಳುತ್ತಾರೆ.

ದೇಶದೊಳಗಿನ ವಿಮಾನಗಳಲ್ಲಿ ಮಡಿಲ ಕೂಸಿಗೂ ಒಂದು ಶುಲ್ಕ ಉಂಟು. ಒಬ್ಬ ದೊಡ್ಡವರಿಗೆ ಒಂದೇ ಕೂಸು.

"ಅಕ್ಕ, ಸೀಟಿಗೆ ದುಡ್ಡು ಕಟ್ಟದಿದ್ರೆ ಮಕ್ಕಳನ್ನ ಎಲ್ಲೋ ಹಾಕಿಬಿಡ್ತಾರಲ್ಲ?" ಎಂದು ತಂಗಿಗೆ ಆತಂಕ. ಅದಕ್ಕೆ 2024ರಲ್ಲಿ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಸೂಚನೆ ಕೊಟ್ಟಿದೆ: 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್ಆರ್‌ನಲ್ಲಿರುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಜೊತೆಗಾದರೂ ಸೀಟು ಕೊಡಬೇಕು. ಇಡೀ ಕುಟುಂಬ ಒಂದೇ ಸಾಲಿನಲ್ಲಿ ಕೂರುತ್ತದೆಂಬ ಭರವಸೆ ಇದರಲ್ಲಿಲ್ಲ, ಆದರೆ ಮಗು ಒಂಟಿಯಾಗಬಾರದು. ಅದಕ್ಕೇ ಎರಡೂ ಮನೆಯವರನ್ನು ಒಂದೇ ಪಿಎನ್ಆರ್‌ಗೆ ಸೇರಿಸಿ, ಸೀಟು ಆರಿಸುವ ಪುಟದಲ್ಲಿ ಏನೂ ಆರಿಸದೆ ಮುಂದೆ ಹೋದೆ. ವೆಬ್ ಚೆಕ್-ಇನ್ ತೆರೆದ ಕೂಡಲೇ ಎಲ್ಲರನ್ನೂ ಒಟ್ಟಿಗೆ ಮಾಡಿದೆ. ತಡಮಾಡಿದಷ್ಟೂ ಪಕ್ಕಪಕ್ಕದ ಖಾಲಿ ಸೀಟುಗಳು ಕಡಿಮೆ.

ಸಿಕ್ಕ ಸೀಟಿನಲ್ಲಿ ನಾನು, ತಂಗಿ ನಡುದಾರಿಯ ಆಚೆ ಈಚೆ. ಪಕ್ಕಪಕ್ಕ ಕೂರಬೇಕೆಂಬ ಆಸೆ ಅವಳದ್ದು. ಅದು ಆಗದ ಮಾತು. ಮೂರು ಮೂರು ಸೀಟಿನ ಈ ವಿಮಾನಗಳಲ್ಲಿ ಒಂದು ಬದಿಯ ಮೂರು ಸೀಟಿನ ಮೇಲೆ ಸಾಮಾನ್ಯವಾಗಿ ನಾಲ್ಕು ಆಮ್ಲಜನಕದ ಮಾಸ್ಕ್ ಇರುತ್ತವೆ. ಮೂವರ ಜೊತೆ ಒಂದು ಕೂಸಿಗೆ ಸಾಕು, ಎರಡಕ್ಕೆ ಸಾಲದು. ಆದ್ದರಿಂದ ಎರಡು ಕೂಸುಗಳಿದ್ದರೆ ಒಂದೇ ಸಾಲಿನ ಸಿ ಮತ್ತು ಡಿ ಸೀಟು ಕೇಳಿ. ನಡುವೆ ದಾರಿಯಷ್ಟೇ, ಬಾಟಲಿ ಬಟ್ಟೆ ಕೈಗೆ ಕೈಗೆ ದಾಟಿಸಬಹುದು. ತುರ್ತು ಬಾಗಿಲ ಸಾಲು ಮಕ್ಕಳಿದ್ದವರಿಗೆ ಸಿಗುವುದೇ ಇಲ್ಲ.

ಹತ್ತಿದ ಮೇಲೆ ಗಗನಸಖಿ ಕೂಸಿನ ಪುಟ್ಟ ಬೆಲ್ಟ್ ತಂದು ನನ್ನ ಬೆಲ್ಟಿನ ಮೂಲಕ ತೂರಿಸಿ, ಮಗನ ಸೊಂಟಕ್ಕೆ ಕಟ್ಟಿಸಿದರು. ಅವರಾಗಿ ತರದಿದ್ದರೆ ಕೇಳಿ ಪಡೆಯಿರಿ. ದೊಡ್ಡವರ ಬೆಲ್ಟನ್ನೇ ಇಬ್ಬರಿಗೂ ಸುತ್ತಿದರೆ ಜರ್ಕಿನಲ್ಲಿ ನಿಮ್ಮ ಭಾರ ಕೂಸಿನ ಮೇಲೆ ಬೀಳುತ್ತದೆ.

ವಾಪಸ್ ಬರುವಾಗ ಮಗನಿಗೆ ತನ್ನದೇ ಸೀಟು, ತನ್ನದೇ ಬೆಲ್ಟ್. ವಿಮಾನ ಏರುವಾಗ, ಇಳಿಯುವಾಗ ಮಡಿಲಿಗೆ ಬರುವಂತಿಲ್ಲ. ಹಾಗಾಗಿ ಹೊರಡುವ ಮುಂಚಿನಿಂದಲೇ ಮನೆಯಲ್ಲಿ ಕಾರಿನ ಸೀಟಿನಲ್ಲಿ ಒಬ್ಬನೇ ಬೆಲ್ಟ್ ಕಟ್ಟಿ ಕೂರುವ ಅಭ್ಯಾಸ ಮಾಡಿಸಿದ್ದೆ.