ಲೋಡ್ ಏರಿದರೆ ಡಿಫರೆನ್ಷಿಯಲ್ ಟ್ರಿಪ್: ಐಸಿಟಿ ಡೆಲ್ಟಾ ತಿರುವುಮುರುವಾಗಿತ್ತು

ಟ್ರಾನ್ಸ್‌ಫಾರ್ಮರ್‌ನ ಎರಡೂ ಕಡೆಯ ಕರೆಂಟ್ ಹೋಲಿಸುವ ಡಿಫರೆನ್ಷಿಯಲ್ ರಿಲೇ ಲೋಡ್ ಏರಿದಾಗ ಟ್ರಿಪ್ ಕೊಡುತ್ತಿತ್ತು. ಟ್ರಾನ್ಸ್‌ಫಾರ್ಮರ್ 12.5 ಎಂವಿಎ, 66/11 ಕೆವಿ, ಡಿವೈಎನ್11. ಸಿಟಿಗಳು 150/1 ಮತ್ತು 800/1, ಎರಡೂ ಸ್ಟಾರ್. ಪೂರ್ಣ ಲೋಡ್‌ನಲ್ಲಿ ಎಚ್‌ವಿ ಕಡೆಯಿಂದ ರಿಲೇಗೆ 0.73 ಆಂಪ್ ಬರುತ್ತದೆ, ಎಲ್‌ವಿ ಸಿಟಿ 0.82 ಕೊಡುತ್ತದೆ. ಈ ವ್ಯತ್ಯಾಸವನ್ನೂ ಕೋನವನ್ನೂ ಸರಿದೂಗಿಸಲು ಎಲ್‌ವಿ ಕಡೆ ಸಿಟಿಗೂ ರಿಲೇಗೂ ನಡುವೆ ಸ್ಟಾರ್/ಡೆಲ್ಟಾ ಇಂಟರ್‌ಪೋಸಿಂಗ್ ಸಿಟಿ, ಅಂದರೆ ಐಸಿಟಿ ಇದೆ. ಡೆಲ್ಟಾದಲ್ಲಿ ಲೈನ್ ಕರೆಂಟ್ √3 ಪಟ್ಟಾಗುವುದರಿಂದ ಅದರ ಅನುಪಾತ 0.82/0.42, 0.82/0.73 ಅಲ್ಲ. ಇಲ್ಲಿ ಅದು ಸರಿಯಾಗಿಯೇ ಇತ್ತು.

ಅರ್ಧ ಲೋಡ್‌ನಲ್ಲಿ, ಟ್ರಿಪ್ ಲಿಂಕ್ ತೆಗೆದು ಅಳೆದೆವು. ಎರಡೂ ಕಡೆ 0.365 ಆಂಪ್, ಅವುಗಳ ವ್ಯತ್ಯಾಸವಾಗಿ ರಿಲೇಯಲ್ಲಿ ಹರಿಯುವ ಸ್ಪಿಲ್ ಕೂಡ 0.365! ಸಮನಾದ ಎರಡು ಕರೆಂಟುಗಳ ವ್ಯತ್ಯಾಸವೂ ಅಷ್ಟೇ ಬಂದರೆ ನಡುವೆ 60 ಡಿಗ್ರಿ ಕೋನದ ತಪ್ಪಿದೆ ಎಂದರ್ಥ. ಟ್ರಾನ್ಸ್‌ಫಾರ್ಮರ್ ಎಲ್‌ವಿಯನ್ನು 30 ಡಿಗ್ರಿ ಮುಂದೆ ತಳ್ಳುತ್ತದೆ. ಐಸಿಟಿ ಅದನ್ನು ಹಿಂದಕ್ಕೆ ತರುವ ಬದಲು ಇನ್ನೂ 30 ಮುಂದೆ ತಳ್ಳಿತ್ತು. ಆರ್ ತಂತಿಗೆ ಆರ್ ಮೈನಸ್ ಬಿ ಬರಬೇಕಿದ್ದಲ್ಲಿ ಆರ್ ಮೈನಸ್ ವೈ ಬರುತ್ತಿತ್ತು.

ಲೈನ್ ಕ್ಲಿಯರ್ ತೆಗೆದುಕೊಂಡೇ ಡೆಲ್ಟಾ ಬಿಚ್ಚಿ ವೈಡಿ1 ಮಾಡಿದೆವು. ಕರೆಂಟ್ ಹರಿಯುವಾಗ ಸಿಟಿ ಸೆಕೆಂಡರಿ ತೆರೆದರೆ ಪ್ರಾಣಕ್ಕೇ ಅಪಾಯ. ಮತ್ತೆ ಲೋಡ್ ಹಾಕಿದಾಗ ಸ್ಪಿಲ್ ಕೆಲವೇ ಮಿಲಿಆಂಪ್‌ಗೆ ಇಳಿಯಿತು.