ಎರಡು ತಿಂಗಳ ಕಾಯುವಿಕೆಗೆ ಪುಟ್ ವಿಮೆ: ಪ್ರೀಮಿಯಂ ಲೆಕ್ಕ ಹಾಕಿದ ಬಗೆ

ಮನೆಯ ಮುಂಗಡಕ್ಕೆಂದು ನಾನು ತೆಗೆದಿಟ್ಟಿದ್ದ ಹಣ ನಿಫ್ಟಿ ಇಂಡೆಕ್ಸ್ ಫಂಡಿನಲ್ಲಿತ್ತು. ಅದರ ಮೌಲ್ಯ ಸುಮಾರು 16.25 ಲಕ್ಷ ರೂಪಾಯಿಗೆ ಏರಿತ್ತು, ಅದರಲ್ಲಿ 4 ಲಕ್ಷ ಲಾಭ. ಯೂನಿಟ್‌ಗಳಿಗೆ 12 ತಿಂಗಳು ತುಂಬಲು ಇನ್ನೆರಡು ತಿಂಗಳು ಬಾಕಿ ಇದ್ದವು. ಆಗಲೇ ಮಾರಿದರೆ ಲಾಭದ ಮೇಲೆ ಶೇ 20ರಂತೆ 80,000 ರೂಪಾಯಿ ತೆರಿಗೆ ಬೀಳುತ್ತಿತ್ತು, ಕಾದರೆ 1.25 ಲಕ್ಷದ ವಿನಾಯಿತಿ ಕಳೆದು ಉಳಿದದ್ದಕ್ಕೆ ಶೇ 12.5ರಂತೆ 34,375 ರೂಪಾಯಿ ಕಟ್ಟಿದರೆ ಸಾಕಿತ್ತು. ಆದರೆ ಆ ಎರಡು ತಿಂಗಳಲ್ಲಿ ಮಾರುಕಟ್ಟೆ ಕುಸಿದರೂ ಕನಿಷ್ಠ 14 ಲಕ್ಷವಾದರೂ ನನ್ನ ಕೈಯಲ್ಲಿರಲೇಬೇಕಿತ್ತು. ಸೂಚ್ಯಂಕ ಎಷ್ಟೇ ಕುಸಿದರೂ ಮೊದಲೇ ನಿಗದಿಯಾದ ಮಟ್ಟದಲ್ಲಿ ಮಾರುವ ಹಕ್ಕು ಕೊಡುವ ಪುಟ್ ಆಪ್ಷನ್ ಕೊಳ್ಳುವ ಯೋಚನೆ ಬಂದದ್ದು ಈ ಕಾರಣಕ್ಕೆ.

ನಿಫ್ಟಿ ಆಗ 25,000ದ ಆಸುಪಾಸಿನಲ್ಲಿತ್ತು. ಒಂದು ಲಾಟ್‌ಗೆ 65 ಯೂನಿಟ್ ಇರುವುದರಿಂದ ಒಂದೇ ಲಾಟ್ ನನ್ನ ಇಡೀ ಹೂಡಿಕೆಗೆ ಸರಿಹೊಂದುತ್ತಿತ್ತು. ಆ ನಿಗದಿತ ಮಟ್ಟ, ಅಂದರೆ ಸ್ಟ್ರೈಕ್, 24,000 ಆಗಿದ್ದು, ಅವಧಿ ಮುಗಿಯುವ ದಿನ, ಅಂದರೆ ಎಕ್ಸ್‌ಪೈರಿ, ಮೂರು ತಿಂಗಳ ನಂತರ ಇರುವ ಪುಟ್‌ನ ಪ್ರೀಮಿಯಂ ಯೂನಿಟ್‌ಗೆ 250 ರೂಪಾಯಿ, ಅಂದರೆ ಒಟ್ಟು 16,250 ರೂಪಾಯಿ. ಹೂಡಿಕೆಯ ಶೇ 1ರಷ್ಟು. ವಾಹನ ವಿಮೆಯಲ್ಲಿ ಮೊದಲ ಒಂದಷ್ಟು ನಷ್ಟವನ್ನು ನಾವೇ ಭರಿಸುವಂತೆ ಇಲ್ಲಿಯೂ ಮೊದಲ 1,000 ಅಂಶಗಳ ಇಳಿಕೆ ನನ್ನದೇ ಹೊಣೆ. ಅದಕ್ಕೆ ಪ್ರೀಮಿಯಂ ಸೇರಿಸಿದರೆ ಎಕ್ಸ್‌ಪೈರಿಯ ಹೊತ್ತಿಗೆ ತೆರಿಗೆಗೆ ಮುಂಚಿನ ಗರಿಷ್ಠ ನಷ್ಟ ಶೇ 5, ಅಂದರೆ 81,250 ರೂಪಾಯಿ. ಸೂಚ್ಯಂಕ 23,750ಕ್ಕಿಂತ ಕೆಳಗಿಳಿದರೆ ಮಾತ್ರ ವಿಮೆ ಇಲ್ಲದಿದ್ದವರಿಗಿಂತ ನಾನು ಮೇಲು.

ಈ ಲೆಕ್ಕದಲ್ಲಿ ಬಹಳ ಮಂದಿ ಬಿಟ್ಟುಬಿಡುವುದು ಪುಟ್‌ನ ಲಾಭಕ್ಕೆ ಬೀಳುವ ತೆರಿಗೆಯನ್ನು. ಆ ಲಾಭ ವ್ಯವಹಾರದ ಆದಾಯವೆನಿಸುತ್ತದೆ. ಐಟಿಆರ್-3ರಲ್ಲಿ ತೋರಿಸಬೇಕು, ನನ್ನ ಸ್ಲ್ಯಾಬ್‌ನಲ್ಲಿ ಶೇ 30 ಕಟ್ಟಬೇಕು. ನಿಫ್ಟಿ 21,000ಕ್ಕೆ ಕುಸಿದರೆ ಏನಾಗುತ್ತದೆಂದು ಬರೆದು ನೋಡಿದೆ. ಫಂಡಿನ ಮೌಲ್ಯ 13.65 ಲಕ್ಷಕ್ಕೆ ಇಳಿಯುತ್ತದೆ, ಪುಟ್‌ನಿಂದ 1.95 ಲಕ್ಷ ಬರುತ್ತದೆ. ಪ್ರೀಮಿಯಂ ಮತ್ತು ತೆರಿಗೆಗಳನ್ನು ಕಳೆದರೆ ಸುಮಾರು 14.88 ಲಕ್ಷ ಉಳಿಯುತ್ತದೆ. ಆಗಲೇ ಮಾರಿದ್ದರೆ 15.45 ಲಕ್ಷ ಸಿಗುತ್ತಿತ್ತಾದ್ದರಿಂದ ಇದು ಅದಕ್ಕಿಂತ ಕಡಿಮೆಯೇ, ಆದರೆ ನನಗೆ ಬೇಕಾದ 14 ಲಕ್ಷಕ್ಕಿಂತ ಹೆಚ್ಚು. ಮಾರುಕಟ್ಟೆ ಇದ್ದಲ್ಲೇ ಇದ್ದರೆ ಪುಟ್ ಪೂರ್ತಿ ವ್ಯರ್ಥವಾದರೂ 15.74 ಲಕ್ಷ ಉಳಿಯುತ್ತಿತ್ತು. ಹೀಗಾಗಿ ಕೊಂಡೆ.

ಇದೇ ಪುಟ್ ಅನ್ನು ವರ್ಷವಿಡೀ ನವೀಕರಿಸುತ್ತಾ ಹೋದರೆ ವೆಚ್ಚ ಶೇ 4ರಷ್ಟಾಗುತ್ತದೆ. ಷೇರುಗಳಿಂದ ಶೇ 12 ನಿರೀಕ್ಷಿಸುವವರಿಗೂ ಆಗ ಉಳಿಯುವುದು ಶೇ 8. ಅದು ಬ್ಯಾಂಕ್ ಠೇವಣಿಯ ಬಡ್ಡಿಗಿಂತ ಬಹಳ ದೂರದಲ್ಲಿಲ್ಲ. ನಿರಂತರವಾಗಿ ಭಯವಿರುವವರು ಪುಟ್ ಕೊಳ್ಳುವ ಬದಲು ಷೇರುಗಳ ಒಂದು ಪಾಲನ್ನು ಮಾರಿ ಠೇವಣಿಗೆ ಹಾಕುವುದು ಲೇಸೆಂದು ನನ್ನ ದೃಢ ಅಭಿಪ್ರಾಯ. ಇಂತಿಷ್ಟು ದಿನ ಮಾರಲಾಗದು, ಹಣವನ್ನು ಕಳೆದುಕೊಳ್ಳಲೂ ಆಗದು ಎಂಬ ಸಂದರ್ಭಕ್ಕೆ ಮಾತ್ರ ಪ್ರೀಮಿಯಂ ಕೊಡುವುದು ಸಮಂಜಸ.

ಕೊಳ್ಳುವ ಮುನ್ನ, ಮಾರುಕಟ್ಟೆ ನಿರೀಕ್ಷಿಸುವ ಏರಿಳಿತವನ್ನು ಅಳೆಯುವ ಇಂಡಿಯಾ ವಿಐಎಕ್ಸ್ ಸೂಚ್ಯಂಕ ನೋಡುವುದನ್ನು ನಾನು ತಪ್ಪಿಸುವುದಿಲ್ಲ. 2024ರ ಲೋಕಸಭಾ ಚುನಾವಣೆಯ ವೇಳೆ ಏಪ್ರಿಲ್ ಕೊನೆಯಲ್ಲಿ 10ರ ಆಸುಪಾಸಿನಲ್ಲಿದ್ದ ಅದು ಮೇ ತಿಂಗಳಲ್ಲಿ 20 ದಾಟಿತ್ತು. ವಿಐಎಕ್ಸ್ ಆ ಮಟ್ಟದಲ್ಲಿದ್ದಾಗ ನನ್ನಂಥ ಪುಟ್‌ನ ಬೆಲೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಜೂನ್ 4ರಂದು ನಿಫ್ಟಿ ಶೇ 6ರ ಸಮೀಪ ಕುಸಿಯಿತು, ಆದರೆ ಜೂನ್ 7ರ ಹೊತ್ತಿಗೆ ಪೂರ್ತಿ ಚೇತರಿಸಿಕೊಂಡು ವಿಐಎಕ್ಸ್ ಕೂಡ ಇಳಿದಿತ್ತು. ತಡವಾಗಿ ದುಬಾರಿ ಪುಟ್ ಕೊಂಡು ಆ ದಿನವೇ ಮಾರದೆ ಇಟ್ಟುಕೊಂಡವರಿಗೆ, ಕುಸಿತದ ಊಹೆ ನಿಜವಾದರೂ, ಹಣ ಉಳಿಯಲಿಲ್ಲ.

ಹೂಡಿಕೆ ಮಿಡ್‌ಕ್ಯಾಪ್ ಷೇರುಗಳಲ್ಲಿದ್ದಿದ್ದರೆ ನಿಫ್ಟಿ ಪುಟ್ ಇಷ್ಟು ಚೆನ್ನಾಗಿ ಹೊಂದುತ್ತಿರಲಿಲ್ಲ. ಅವು ನಿಫ್ಟಿಗಿಂತ ಹೆಚ್ಚು ಇಳಿದಷ್ಟು ಭಾಗಕ್ಕೆ ರಕ್ಷಣೆ ಇರುವುದಿಲ್ಲ.

ಎರಡೇ ತಿಂಗಳು ಬೇಕಿದ್ದರೂ ಮೂರು ತಿಂಗಳ ಪುಟ್ ಕೊಂಡದ್ದಕ್ಕೆ ಕಾರಣವಿದೆ. ಆಪ್ಷನ್‌ನಲ್ಲಿ ಅಡಗಿರುವ ಕಾಲದ ಮೌಲ್ಯ ಕೊನೆಯ ವಾರಗಳಲ್ಲಿ ಬೇಗ ಕರಗುತ್ತದೆ, ಅದಕ್ಕೆ ಮೊದಲೇ ಹೊರಬಂದರೆ ಸ್ವಲ್ಪ ಹಣ ವಾಪಸಾಗುತ್ತದೆ. ಯೂನಿಟ್‌ಗಳಿಗೆ 12 ತಿಂಗಳು ದಾಟಿದ ಬಳಿಕ ಫಂಡ್ ಮಾರಿದ ದಿನವೇ ಪುಟ್ ಅನ್ನೂ ಮಾರಿದೆ. ಸೂಚ್ಯಂಕ ಹೆಚ್ಚೇನೂ ಅಲುಗಾಡಿರಲಿಲ್ಲ. ಮಾರ್ಕೆಟ್ ಆರ್ಡರ್ ಹಾಕದೆ ಲಿಮಿಟ್ ಇಟ್ಟು ಕಾದಿದ್ದಕ್ಕೆ ಯೂನಿಟ್‌ಗೆ 80 ರೂಪಾಯಿ ಸಿಕ್ಕಿತು. 5,200 ರೂಪಾಯಿ ಮರಳಿ ಬಂದು, ಬ್ರೋಕರೇಜ್ ಬಿಟ್ಟು, ವಿಮೆಗೆ ನಾನು ತೆತ್ತದ್ದು 11,050 ರೂಪಾಯಿ. ತೆರಿಗೆಯಲ್ಲಿ ಉಳಿದದ್ದು 45,000ಕ್ಕೂ ಹೆಚ್ಚು.