ಶುಕ್ರವಾರದ ಪೂಜೆ ಗುರುವಾರ ಸಂಜೆಯೇ ಶುರು

ಮದುವೆಯಾಗಿ ಮೈಸೂರಿಗೆ ಬಂದ ಮೊದಲ ಶುಕ್ರವಾರ, ಬೆಳಿಗ್ಗೆ ಎದ್ದವಳೇ ದೇವರ ದೀಪಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಲು ಕುಳಿತಿದ್ದೆ. ಅತ್ತೆ ಬಂದು ನೋಡಿ, "ಲಕ್ಷ್ಮಿ ಬರುವ ದಿನ ಯಾರಾದರೂ ದೀಪ ತೊಳೆಯುತ್ತಾರೆಯೇ? ಅದೆಲ್ಲ ನಿನ್ನೆಯ ಕೆಲಸ" ಎಂದರು. ಆಗ ಅದು ಬರೀ ಮಡಿವಂತಿಕೆ ಎನಿಸಿತ್ತು. ಕೆಲಸಕ್ಕೆ ಸೇರಿ, ಒಂಬತ್ತು ಗಂಟೆಯ ಬಸ್ಸು ಹಿಡಿಯಬೇಕಾದಾಗ ಆ ಮಾತಿನ ಬೆಲೆ ತಿಳಿಯಿತು. ಈಗ ನನ್ನ ಶುಕ್ರವಾರದ ಪೂಜೆ ಬೆಳಿಗ್ಗೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಗುರುವಾರ ಸಂಜೆ ಒಂದು ಗಂಟೆ ಕೊಡದಿದ್ದರೆ ಮಾತ್ರ ಅದು ಆಗುವುದಿಲ್ಲ.

ಆ ಒಂದು ಗಂಟೆಯಲ್ಲಿ ದೀಪ, ಗಂಟೆ, ಆರತಿ ತಟ್ಟೆ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ ಇಡುತ್ತೇನೆ. ದೀಪದ ಬಟ್ಟಲಲ್ಲಿ ನೀರಿನ ಪಸೆ ಉಳಿದರೆ ಮರುದಿನ ಬತ್ತಿ ಚಟಪಟ ಸಿಡಿದು ಆರಿಹೋಗುತ್ತದೆ. ಹತ್ತಿಯ ಎರಡು ಎಳೆ ಸೇರಿಸಿ ಹೊಸೆದ ಜೋಡಿ ಬತ್ತಿಗಳನ್ನು ಕರಗಿಸಿದ ತುಪ್ಪದಲ್ಲಿ ಅದ್ದಿ ಮುಚ್ಚಿಡುತ್ತೇನೆ. ಮಾರ್ಗಶಿರದ ಚಳಿಯಲ್ಲಿ ತುಪ್ಪ ಹೆಪ್ಪುಗಟ್ಟಿದ್ದರೂ ಇಂಥ ಬತ್ತಿ ತಕ್ಷಣ ಹತ್ತಿಕೊಳ್ಳುತ್ತದೆ. ಮಲ್ಲಿಗೆಯನ್ನು ಮೊಗ್ಗಾಗಿಯೇ ತಂದು ಬಾಳೆಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ ಹೊದಿಸಿಟ್ಟರೆ ಬೆಳಗಿನ ಹೊತ್ತಿಗೆ ತಾನೇ ಅರಳಿರುತ್ತದೆ. ಶುಕ್ರವಾರ ಬೆಳಿಗ್ಗೆ ಮಾರುಕಟ್ಟೆಗೆ ಹೋದವರು ಅದೇ ಹೂವಿಗೆ ಹೆಚ್ಚು ದುಡ್ಡು ತೆತ್ತು ಬರುತ್ತಾರೆ.

ಪ್ರತಿ ವಾರ ನಾನು ಕಲಶ ಇಡುವುದಿಲ್ಲ. ಅದು ವರ್ಷಕ್ಕೊಮ್ಮೆ, ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ ವರಮಹಾಲಕ್ಷ್ಮಿ ವ್ರತಕ್ಕೆ ಮಾತ್ರ. ಕಲಶ ಇಟ್ಟ ಮೇಲೆ ಕದಲಿಸುವ ತನಕ ಮನೆಗೆ ಬೀಗ ಹಾಕಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಎಲ್ಲರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅದನ್ನು ವಾರ ವಾರ ಪಾಲಿಸಲು ಸಾಧ್ಯವಿಲ್ಲ. ಅಂಗೈಯಗಲದ ಬೆಳ್ಳಿಯ ಲಕ್ಷ್ಮಿಯ ಮುಖವೊಂದಿದೆ, ಅತ್ತೆಯ ತಾಯಿ ಕೊಟ್ಟದ್ದು. ತಟ್ಟೆಯಲ್ಲಿ ಒಂದು ಹಿಡಿ ಅಕ್ಕಿ ಹರಡಿ, ಅದರ ಮೇಲೆ ಆ ಮುಖವನ್ನು ಕೂರಿಸುತ್ತೇನೆ.

ಬೆಳಿಗ್ಗೆ ಸ್ನಾನವಾದ ಮೇಲೆ ಮೊದಲು ಹೊಸಿಲು. ನೀರು ಹಾಕಿ ಒರೆಸಿ, ಅರಿಸಿನ ಬಳಿದು, ಕುಂಕುಮದ ಬೊಟ್ಟಿಟ್ಟು, ಎರಡು ಎಳೆ ರಂಗೋಲಿ ಎಳೆಯುತ್ತೇನೆ. ಆಮೇಲೆ ದೀಪ ಹಚ್ಚಿ, ಅರಿಸಿನದ ಪುಟ್ಟ ಉಂಡೆಯೊಂದನ್ನು ಗಣಪತಿ ಎಂದು ಭಾವಿಸಿ ಗರಿಕೆ ಏರಿಸಿ, ಅಮ್ಮನವರಿಗೆ ಅರಿಸಿನ, ಗೆಜ್ಜೆವಸ್ತ್ರ, ಹೂವು. ಇಷ್ಟಕ್ಕೆ ಹತ್ತು ನಿಮಿಷ ಸಾಕು.

ನನ್ನ ಮನಸ್ಸು ನಿಲ್ಲುವುದು ಕುಂಕುಮಾರ್ಚನೆಯಲ್ಲಿ. ಲಕ್ಷ್ಮಿಯ ಅಷ್ಟೋತ್ತರದ 108 ಹೆಸರುಗಳನ್ನು 'ಓಂ ಪ್ರಕೃತ್ಯೈ ನಮಃ' ಎಂದು ಶುರುಮಾಡಿ, ಒಂದೊಂದು ಹೆಸರಿಗೂ ಹೆಬ್ಬೆರಳು, ಮಧ್ಯದ ಬೆರಳು, ಉಂಗುರದ ಬೆರಳಿನಲ್ಲಿ ಒಂದೊಂದು ಚಿಟಿಕೆ ಕುಂಕುಮ. ಚಿಟಿಕೆ ಎಂದರೆ ನಿಜವಾಗಿಯೂ ಚಿಟಿಕೆಯೇ. ಮೊದಮೊದಲು ಭಕ್ತಿಯ ಭರದಲ್ಲಿ ಸುರಿದು, ಅರವತ್ತನೆಯ ಹೆಸರಿಗೇ ಬಟ್ಟಲು ಖಾಲಿ ಮಾಡಿಕೊಂಡು ಉಳಿದದ್ದಕ್ಕೆ ಅಕ್ಷತೆ ಹಾಕಿದ್ದುಂಟು. ಅಳತೆ ಕೈಗೆ ಕೂತ ಮೇಲೆ ಎರಡು ಚಮಚ ಕುಂಕುಮ ಪೂರ್ತಿ ಸಾಲುತ್ತದೆ.

ಒಂದು ಶುಕ್ರವಾರ ಮನೆಯಲ್ಲಿದ್ದ ಕುಂಕುಮ ಮುಗಿದಿತ್ತು. ಗಾಢ ಗುಲಾಬಿಗೆಂಪಿನ ಪೊಟ್ಟಣವೊಂದನ್ನು ಅಂಗಡಿಯಿಂದ ತಂದು ಅರ್ಚನೆ ಮಾಡಿದೆ. ಸಂಜೆ ತೆಗೆದು ನೋಡಿದರೆ ಬೆಳ್ಳಿಯ ಕೆತ್ತನೆಯ ಸಂದುಗಳಲ್ಲೆಲ್ಲ ಗುಲಾಬಿ ಬಣ್ಣ, ಕೆಳಗಿನ ಅಕ್ಕಿ ಗುಲಾಬಿ, ನನ್ನ ಮೂರು ಬೆರಳೂ ಗುಲಾಬಿ. ಬೆರಳಿನ ಬಣ್ಣ ಭಾನುವಾರದವರೆಗೂ ಹೋಗಲಿಲ್ಲ. ಆ ಅಕ್ಕಿಯನ್ನು ಶನಿವಾರದ ಅಡುಗೆಗೆ ಸೇರಿಸುವ ರೂಢಿ ನಮ್ಮದು. ಅಂದು ಧೈರ್ಯ ಬರಲಿಲ್ಲ. ಅತ್ತೆ ಏನೂ ಬೈಯಲಿಲ್ಲ. ಒಂದು ಗಾಜಿನ ಲೋಟದಲ್ಲಿ ನೀರು ತರಿಸಿ, ಆ ಕುಂಕುಮವನ್ನು ಒಂದು ಚಿಟಿಕೆ ಹಾಕಿದರು. ಕಲಕುವ ಮೊದಲೇ ಬಣ್ಣ ಎಳೆಎಳೆಯಾಗಿ ಇಳಿದು ನೀರೆಲ್ಲ ಗುಲಾಬಿಯಾಯಿತು. ಅರಿಸಿನದ ಬಣ್ಣ ನೀರಿನಲ್ಲಿ ಹಾಗೆ ಕರಗುವುದಿಲ್ಲ. ಅರಿಸಿನದಿಂದ ಮಾಡಿದ ಕುಂಕುಮವಾದರೆ ಪುಡಿ ತಳಕ್ಕೆ ಕೂರುತ್ತದೆ, ಮೇಲಿನ ನೀರಿಗೆ ಬಣ್ಣ ಅಷ್ಟಾಗಿ ಹತ್ತುವುದಿಲ್ಲ.

ಅಲ್ಲಿಂದ ಈಚೆಗೆ ಅರ್ಚನೆಯ ಕುಂಕುಮವನ್ನು ಮನೆಯಲ್ಲೇ ಮಾಡುತ್ತೇನೆ. ನಾಲ್ಕು ಚಮಚ ಒಳ್ಳೆಯ ಅರಿಸಿನ ಪುಡಿಗೆ, ಎಲೆಗೆ ಹಚ್ಚುವ ಸುಣ್ಣವನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಎರಡು ಹನಿ ನೀರಿನಲ್ಲಿ ಕದಡಿ, ಬೆರಳ ತುದಿಯಿಂದ ಸ್ವಲ್ಪ ಸ್ವಲ್ಪವೇ ಬೆರೆಸಬೇಕು. ಹಳದಿ ಕಣ್ಣೆದುರೇ ಕೆಂಪಾಗುತ್ತದೆ. ಸಾಲದಿದ್ದರೆ ಇನ್ನಷ್ಟು ಸೇರಿಸಬಹುದು. ಸುಣ್ಣ ಹೆಚ್ಚಾದರೆ ಬಣ್ಣ ಕಂದಾಗುತ್ತದೆ, ಹಣೆಗೆ ಇಟ್ಟರೆ ಚರ್ಮ ಉರಿಯುತ್ತದೆ. ಹಾಗಾದಾಗ ಇನ್ನೊಂದೆರಡು ಚಮಚ ಅರಿಸಿನ ಸೇರಿಸಿದರೆ ಸರಿಹೋಗುತ್ತದೆ. ನೆರಳಿನಲ್ಲಿ ಒಣಗಿಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದು ಭರಣಿಗೆ ತುಂಬಿಡುತ್ತೇನೆ. ಬಿಸಿಲಿಗಿಟ್ಟರೆ ಅರಿಸಿನದ ಬಣ್ಣ ಮಾಸಿಹೋಗುತ್ತದೆ. ಅಂಗಡಿಯದರ ಹೊಳಪು ಇದಕ್ಕೆ ಬರುವುದಿಲ್ಲ, ಸ್ವಲ್ಪ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಬೆಳ್ಳಿಯಿಂದ ಮಾತ್ರ ಒಂದೇ ಒರೆಸಿಗೆ ಹೋಗುತ್ತದೆ. ಅರ್ಚನೆ ಮಾಡಿದ ಕುಂಕುಮ ಬೇರೆ ಡಬ್ಬಿಗೆ ಹೋಗಿ, ವಾರವಿಡೀ ನಮ್ಮ ಹಣೆಗೆ ಬರುತ್ತದೆ.

ನೈವೇದ್ಯಕ್ಕೆ ಸಮಯವಿಲ್ಲದಿದ್ದರೆ ಸಕ್ಕರೆ ಹಾಕಿದ ಹಾಲು, ಬಾಳೆಹಣ್ಣು. ಇದ್ದರೆ ಹೆಸರುಬೇಳೆ ಪಾಯಸ. ಅರ್ಧ ಲೋಟ ಬೇಳೆಯನ್ನು ಘಮ ಬರುವಷ್ಟು ಹುರಿದು, ಹಿಸುಕಿದರೆ ನುಣ್ಣಗಾಗುವ ತನಕ ಬೇಯಿಸಿಯೇ ಮುಕ್ಕಾಲು ಲೋಟ ಬೆಲ್ಲ ಹಾಕಬೇಕು. ಬೆಲ್ಲ ಬಿದ್ದ ಮೇಲೆ ಬೇಳೆ ಮತ್ತೆ ಬೇಯುವುದಿಲ್ಲ. ಬೆಲ್ಲ ಕರಗಿ ಕುದಿಯುವಾಗ ಹಾಲು ಸುರಿದರೆ ಒಡೆಯುತ್ತದೆ. ಒಲೆ ಆರಿಸಿ, ಪಾಯಸ ತುಸು ತಣಿದ ಮೇಲೆ ಕಾಯಿಸಿ ಆರಿದ ಹಾಲು ಸೇರಿಸುತ್ತೇನೆ. ಎರಡು ಬಾರಿ ಒಡೆದ ಪಾಯಸವನ್ನು ದೇವರ ಮುಂದಿಡಲಾಗದೆ ನಾವೇ ತಿಂದು ಕಲಿತ ಪಾಠವಿದು. ನೈವೇದ್ಯವಾಗುವ ಮೊದಲು ರುಚಿ ನೋಡುವಂತಿಲ್ಲ, ಆದ್ದರಿಂದ ಅಳತೆಯನ್ನೇ ನಂಬಬೇಕು.

ಪ್ರಾರ್ಥನೆಯ ವಿಷಯದಲ್ಲಿ ನನಗೆ ಸಂಕೋಚ ಕಡಿಮೆ. ಶ್ರೀಸೂಕ್ತಕ್ಕೆ ಸ್ವರವಿದೆ, ಗುರುಮುಖದಿಂದ ಕಲಿತಿಲ್ಲ, ಹಾಗಾಗಿ ಹೇಳುವುದಿಲ್ಲ. ಇಂದ್ರ ಮಾಡಿದ ಸ್ತುತಿ ಎನ್ನುವ ಮಹಾಲಕ್ಷ್ಮ್ಯಷ್ಟಕದ ಎಂಟು ಶ್ಲೋಕಗಳನ್ನು ಹೇಳುತ್ತೇನೆ. ದಿನಕ್ಕೊಮ್ಮೆ ಓದಿದರೆ ಪಾಪ ಪರಿಹಾರ, ಎರಡು ಬಾರಿ ಓದಿದರೆ ಧನಧಾನ್ಯ ಎಂದು ಅದರ ಫಲಶ್ರುತಿಯಲ್ಲಿದೆ. ನನಗೆ ಬೆಳಿಗ್ಗೆ ಒಂದು ಬಾರಿಗಷ್ಟೇ ಪುರಸೊತ್ತು. ಆರತಿಗೆ ಪುರಂದರದಾಸರ 'ಭಾಗ್ಯದ ಲಕ್ಷ್ಮೀ ಬಾರಮ್ಮ'. ಶುಕ್ರವಾರದ ಪೂಜೆಯ ವೇಳೆಗೇ ಬಾ ಎಂದು ಅದರಲ್ಲೇ ಕರೆಯಿರುವುದರಿಂದ ಅಂದಿಗೆ ಬೇರೆ ಹಾಡು ಹುಡುಕುವ ಪ್ರಮೇಯವೇ ಬರುವುದಿಲ್ಲ.

ಸಂಜೆ ಮನೆಗೆ ಬಂದು, ಕತ್ತಲಾಗುವ ಮೊದಲು ಕಸ ಗುಡಿಸಿ, ಹೊಸಿಲ ಎರಡೂ ಬದಿಗೆ ದೀಪವಿಡುತ್ತೇನೆ. ಎದುರು ಮನೆಯಾಕೆಗೆ ಅರಿಸಿನ ಕುಂಕುಮ, ಎರಡು ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು. ಮೊದಲ ಬಾರಿ ಮನೆಯ ಕುಂಕುಮ ಕೊಟ್ಟಾಗ ಆಕೆ ಬೆಳಕಿಗೆ ಹಿಡಿದು ನೋಡಿ, "ಇದೇನು, ಬಣ್ಣ ಸ್ವಲ್ಪ ಮಂಕಾಗಿದೆಯಲ್ಲ?" ಎಂದಿದ್ದರು. ಕಳೆದ ತಿಂಗಳು ಅವರೇ ಖಾಲಿ ಡಬ್ಬಿ ಹಿಡಿದು ಬಂದರು.